ಐದನೆಯ ಕಲಮಿನ ನಾಗಪುರ

ಕಲಾವತಿಬಾಯಿ ಒಂದು ಕಾಗದವನ್ನು ಒಂದೇ ಸಲ ಓದಿ ಕೆಳಗಿಟ್ಟದ್ದನ್ನು ಕಂಡವರು ನಾಗಪುರದಲ್ಲಿ ಯಾರೂ ಇರಲಿಲ್ಲ. ಹಾಲಿನವನ ಚೀಟಿಯಾದರೂ ಸರಿ, ಮದುವೆಯ ಕರೆಯೋಲೆಯಾದರೂ ಸರಿ, ಮೂರು ಸಲ ಓದುವುದು ಅವರ ಪದ್ಧತಿ. ಅವರ ಯಜಮಾನರು ಉಮಾಕಾಂತರಾಯರು ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿದ್ದವರು, ತಮಾಷೆಯ ಮನುಷ್ಯ. "ನಮ್ಮ ಲಗ್ನದಾಗ ಇಕಿಗೆ ಲಗ್ನಪತ್ರಿಕಾ ಓದಾಕ ಕೊಡಬಾರದಿತ್ತು ನೋಡ್ರಿ. ಮೂರನೇ ಸಲ ಓದೂದರೊಳಗ ಮುಹೂರ್ತ ದಾಟತಿತ್ತು," ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ಕಲಾವತಿಬಾಯಿ ಮೊದಲ ಎರಡು ವರ್ಷ ನಾಗಪುರದ ಮಹಾಲ್ ಬಡಾವಣೆಯಲ್ಲಿ, ಹಲವು ಬಿಡಾರಗಳಿದ್ದ ಒಂದು ಹಳೆಯ ವಾಡೆಯ ಮಾಳಿಗೆಯ ಮೇಲೆ ಮರಾಠಿ ಕಲಿಯುತ್ತ ಕಳೆದರು. ಮಕ್ಕಳಾಗಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರುವ ಸ್ವಭಾವವೂ ಅವರದಲ್ಲ. ಸೀತಾಬರ್ಡಿಯಲ್ಲಿ ಟೈಪಿಂಗ್ ಕಲಿತರು. ೧೯೭೯ರಲ್ಲಿ ಧರಮಪೇಠದ ಕಾರುಣ್ಯದೀಪ ನರ್ಸಿಂಗ್ ಶಾಲೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಒಂದು ಸೇವಾ ಟ್ರಸ್ಟು ನಡೆಸುತ್ತಿದ್ದ ಶಾಲೆ ಅದು. ಮಗ್ಗುಲಲ್ಲೇ ಟ್ರಸ್ಟಿನ ಆಸ್ಪತ್ರೆ. ಬಡವರ ಮನೆಯ ಹೆಣ್ಣುಮಕ್ಕಳಿಗೆ ಮೂರು ವರ್ಷ ಪುಕ್ಕಟೆ ತರಬೇತಿ, ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು ವಿದ್ಯಾರ್ಥಿವೇತನ ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಹುಡುಗಿ ಒಂದು ಬಾಂಡು ಬರೆದುಕೊಡಬೇಕು: ತರಬೇತಿ ಮುಗಿದ ಮೇಲೆ ಇಷ್ಟು ವರ್ಷ ನಿಮ್ಮಲ್ಲೇ ಸೇವೆ ಮಾಡುತ್ತೇನೆ, ನಡುವೆ ಬಿಟ್ಟುಹೋದರೆ ಇಷ್ಟು ಹಣ ಹಿಂದಿರುಗಿಸುತ್ತೇನೆ. ಸ್ಟಾಂಪ್ ಕಾಗದದ ಮೇಲೆ ಹುಡುಗಿಯ ಸಹಿ, ಖಾಯಂ ಸರಕಾರಿ ನೌಕರನೊಬ್ಬನ ಜಾಮೀನು, ಇಬ್ಬರು ಸಾಕ್ಷಿಗಳು.

ಈ ಬಾಂಡುಗಳನ್ನು ಸಹಿಗೆ ಮುಂಚೆ ಓದಿ ತಪ್ಪು ತಿದ್ದುವ ಕೆಲಸ ಕಲಾವತಿಬಾಯಿಯದು. ಅವರ ಮೂರು ಓದಿಗೆ ಒಂದೊಂದು ಗುರಿಯಿತ್ತು. ಮೊದಲನೆಯ ಓದು ವರ್ಷಕ್ಕೆ: ಸೇವೆಯ ಅವಧಿ ಎಲ್ಲ ಕಲಮುಗಳಲ್ಲೂ ಒಂದೇ ಇದೆಯೇ? ಎರಡನೆಯದು ರೂಪಾಯಿಗೆ: ಅಂಕಿಯಲ್ಲಿ ಬರೆದದ್ದೂ ಅಕ್ಷರದಲ್ಲಿ ಬರೆದದ್ದೂ ಹೊಂದುತ್ತವೆಯೇ? ಮೂರನೆಯದು ಹೆಸರಿಗೆ: ಸಂಸ್ಥೆಯನ್ನು ಮೊದಲ ಪುಟದಲ್ಲಿ ಏನೆಂದು ಕರೆದಿದೆಯೋ ಕೊನೆಯ ಪುಟದಲ್ಲೂ ಹಾಗೆಯೇ ಕರೆದಿದೆಯೇ? ಒಂದು ಓದಿನಲ್ಲಿ ಇನ್ನೊಂದನ್ನು ನೋಡಲು ಅವರು ತಮ್ಮ ಕಣ್ಣಿಗೆ ಬಿಡುತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಹುಡುಕುವ ಕಣ್ಣಿಗೆ ಯಾವುದೂ ಸಿಗುವುದಿಲ್ಲ ಎಂಬುದು ಅವರ ನಂಬಿಕೆ. ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು, ಸರಿಯಾದ ಕಡೆಯಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಒಂದು ಸಣ್ಣ ಗೀಟು ಎಳೆಯುತ್ತಿದ್ದರು.

ಕಚೇರಿಯ ಆಳು ಬೇಬಿತಾಯಿ ಚಹಾ ತಂದಿಟ್ಟು, "ಬಾಯಿ, ಇದು ಎಷ್ಟನೆಯ ಓದು?" ಎಂದು ಮರಾಠಿಯಲ್ಲಿ ಕೇಳುವಳು.

"ಎರಡನೆಯದು."

"ಹಾಗಾದರೆ ಚಹಾ ಮತ್ತೆ ಬಿಸಿ ಮಾಡಬೇಕು," ಎಂದು ಕಪ್ಪು ಎತ್ತಿಕೊಂಡು ಹೋಗುವಳು.

೧೯೯೯ರ ಬೇಸಗೆಯಲ್ಲಿ ಕಚೇರಿಗೆ ಕಂಪ್ಯೂಟರ್ ಬಂತು. ಹಳೆಯ ಬಾಂಡಿನ ನಮೂನೆಯನ್ನು ಹೊಸದಾಗಿ ಬರೆಸಬೇಕೆಂದು ಟ್ರಸ್ಟು ತೀರ್ಮಾನಿಸಿತು. ರವಿ ಎಂಬ ತರುಣ ಹಳೆಯ ನಮೂನೆ, ಬೇರೊಂದು ಸಂಸ್ಥೆಯ ನಮೂನೆ, ವಕೀಲರ ಟಿಪ್ಪಣಿ ಎಲ್ಲವನ್ನೂ ಸೇರಿಸಿ ನಾಲ್ಕು ಪುಟ ಬಡಿದು ತಂದಿಟ್ಟ. ಕಲಾವತಿಬಾಯಿ ಕೂಲರಿನ ಗಾಳಿಗೆ ಹಾರದಂತೆ ಪುಟಗಳ ಮೇಲೆ ಪಂಚಿಂಗ್ ಮಶೀನು ಇಟ್ಟು ಓದಲು ಕೂತರು.

ಅದೊಂದು ತಪ್ಪುಗಳ ಸಂತೆ. ಎರಡನೆಯ ಕಲಮಿನಲ್ಲಿ ಸೇವೆಯ ಅವಧಿ ಮೂರು ವರ್ಷ. ಒಂಬತ್ತನೆಯದರಲ್ಲಿ ಮೂವತ್ತು ತಿಂಗಳು. ಹಿಂದಿರುಗಿಸಬೇಕಾದ ಹಣ ಅಂಕಿಯಲ್ಲಿ ೭೫,೦೦೦. ಅಕ್ಷರದಲ್ಲಿ ಐವತ್ತೇಳು ಸಾವಿರ. ಹೆಸರಿನ ಗತಿಯಂತೂ ಕೇಳುವುದೇ ಬೇಡ. ಮೊದಲ ಸಾಲಿನಲ್ಲಿ 'ಕಾರುಣ್ಯದೀಪ ನರ್ಸಿಂಗ್ ಶಾಲೆ', ಮೂರನೆಯ ಕಲಮಿನಲ್ಲಿ 'ಸದರಿ ಕಾಲೇಜು', ಐದನೆಯದರಲ್ಲಿ 'ಸದರಿ ಸಂಸ್ಥೆಯ ನಾಗಪುರದ ಆಸ್ಪತ್ರೆ', ಎಂಟರಲ್ಲಿ 'ಆಡಳಿತ ಮಂಡಳಿ', ಸಹಿಯ ಜಾಗದಲ್ಲಿ 'ಕಾರುಣ್ಯದೀಪ ಸೇವಾ ಟ್ರಸ್ಟ್'.

ಅವರು ಪುಟಗಳನ್ನು ಹಿಡಿದು ಕಾರ್ಯದರ್ಶಿ ನರಹರಿಯವರ ಕೋಣೆಗೆ ಹೋದರು. ನರಹರಿಯವರು ನಿವೃತ್ತ ಪ್ರಾಧ್ಯಾಪಕರು, ಮೃದು ಮಾತಿನವರು.

"ಸರ್, ಹುಡುಗಿ ಯಾರಿಗೆ ಬರೆದುಕೊಡುತ್ತಿದ್ದಾಳೆ ಎಂಬುದೇ ಇದರಲ್ಲಿ ಗೊತ್ತಾಗುವುದಿಲ್ಲ. ಶಾಲೆಗೋ, ಕಾಲೇಜಿಗೋ, ಮಂಡಳಿಗೋ? ನೋಂದಣಿ ಆಗಿರುವುದು ಟ್ರಸ್ಟು ಒಂದೇ. ಶಾಲೆ, ಆಸ್ಪತ್ರೆ ಎರಡೂ ಅದರ ಕೈಕಾಲು. ನಾಳೆ ಕೋರ್ಟಿಗೆ ಹೋದರೆ ಮೊದಲು ಕೇಳುವುದೇ ಇದನ್ನು."

"ವರ್ಷ ಮೂರು, ಹಣ ಎಪ್ಪತ್ತೈದು ಸಾವಿರ, ಅವೆರಡು ನಿಶ್ಚಯವಾದವೇ. ಹೆಸರಿಗೆ ನಿಮ್ಮ ಸಲಹೆ ಏನು?"

"ಮೊದಲ ಸಾಲಿನಲ್ಲಿ ಟ್ರಸ್ಟಿನ ಪೂರ್ತಿ ಹೆಸರು. ಮುಂದೆ ಅದನ್ನು 'ಸಂಸ್ಥೆ' ಎನ್ನಲಾಗುವುದು ಅಂತ ಒಂದು ಮಾತು. ಆಮೇಲೆ ಎಲ್ಲ ಕಡೆ 'ಸಂಸ್ಥೆ', ಅಷ್ಟೇ."

"ಹಾಗೇ ಮಾಡಿ. ನೀವು ನೋಡಿದ ಮೇಲೆ ನಾನು ನೋಡುವುದೇನಿದೆ?"

ಕಲಾವತಿಬಾಯಿ ಕೂತು ತಿದ್ದಿದರು. ಮೂವತ್ತು ತಿಂಗಳು ಹೋಗಿ ಮೂರು ವರ್ಷವಾಯಿತು. ಐವತ್ತೇಳು ಸಾವಿರ ಎಪ್ಪತ್ತೈದಾಯಿತು. ಶಾಲೆ, ಕಾಲೇಜು, ಮಂಡಳಿ ಒಂದೊಂದನ್ನೇ ಕೆಂಪು ಗೆರೆಯಿಂದ ಹೊಡೆದು ಮೇಲೆ 'ಸಂಸ್ಥೆ' ಎಂದು ಬರೆದರು. ಐದನೆಯ ಕಲಮಿಗೂ ಅದೇ ಗೆರೆ ಹರಿಯಿತು. 'ಸದರಿ ಸಂಸ್ಥೆಯ ನಾಗಪುರದ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸತಕ್ಕದ್ದು' ಎಂದಿದ್ದದ್ದು 'ಸಂಸ್ಥೆಯಲ್ಲಿ ಸೇವೆ ಸಲ್ಲಿಸತಕ್ಕದ್ದು' ಎಂದಾಯಿತು. ಮೂರು ಓದೂ ಮುಗಿದವು. ಎಲ್ಲಿ ನೋಡಿದರೂ ಒಂದೇ ಹೆಸರು, ಒಂದೇ ಅವಧಿ, ಒಂದೇ ಮೊತ್ತ. ವಕೀಲರು ನೋಡಿ, "ಇದನ್ನು ತಿದ್ದಿದವರು ಯಾರು? ಬಹಳ ಚೊಕ್ಕವಾಗಿದೆ," ಎಂದರಂತೆ. ಆ ದಿನ ಸಂಜೆ ಕಲಾವತಿಬಾಯಿ ಯಜಮಾನರಿಗೆ ಕೊತ್ತಂಬರಿ ತುಂಬಿ ಕರಿದ ಸಾಂಬಾರವಡಿ ಕಟ್ಟಿಸಿಕೊಂಡು ಹೋದರು.

ಆ ವರ್ಷ ಹೊಸ ಬಾಂಡಿಗೆ ಸಹಿ ಹಾಕಿದ ಹನ್ನೆರಡು ಹುಡುಗಿಯರಲ್ಲಿ ರಾಗಿಣಿಯೂ ಒಬ್ಬಳು.

ರಾಗಿಣಿ ಕಲಾವತಿಬಾಯಿ ವಾಸವಾಗಿದ್ದ ಅದೇ ಮಹಾಲಿನ ವಾಡೆಯ ಕೆಳಗಿನ ಮನೆಯವಳು. ತಂದೆ ಗುರುಸಿದ್ದಪ್ಪ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಹುಡುಗಿ ಎಂಟನೆಯ ತರಗತಿಯಲ್ಲಿದ್ದಾಗಲೇ ತೀರಿಕೊಂಡಿದ್ದ. ತಾಯಿ ಮಹಾದೇವಮ್ಮನಿಗೆ ಚಿಕ್ಕಂದಿನ ಜ್ವರದಿಂದ ಹೃದಯದ ಕವಾಟ ಕೆಟ್ಟಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಪುಡಿ ಮಾಡಿ ಊರಿನ ಕನ್ನಡ ಮನೆಗಳಿಗೆ ಕೊಡುತ್ತಿದ್ದಳು. ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಅದರ ಮೇಲೆ ಗುಳಿಗೆಯ ಅಳತೆ ಹೆಚ್ಚು ಕಡಿಮೆ ಮಾಡುವ ಡಾಕ್ಟರು. ಹೀಗಾಗಿ ದೊಡ್ಡ ಊರು ಬಿಟ್ಟು ಕದಲುವಂತಿರಲಿಲ್ಲ.

ಹುಡುಗಿ ಹನ್ನೆರಡನೆಯದು ಪಾಸಾದಾಗ ನರ್ಸಿಂಗಿಗೆ ಹಾಕಿರೆಂದು ಹೇಳಿದವರು ಕಲಾವತಿಬಾಯಿಯೇ.

"ಹೊರಗಿನ ಊರಿಗೆ ಹಾಕೂದಿಲ್ಲಲ್ರಿ ವೈನಿ?" ಅವರನ್ನು ಅತ್ತಿಗೆಯೆಂದೇ ಕರೆಯುತ್ತಿದ್ದ ಮಹಾದೇವಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದ್ದಳು. "ನನಗ ಇರೂದು ಇದೊಂದ ಕೂಸು. ಸಾಯೂ ಹೊತ್ತಿಗೆ ಬಾಯಾಗ ನೀರು ಬಿಡಾಕ ಹತ್ರ ಇರಬೇಕು, ಅಷ್ಟ ನನ್ನ ಆಸೆ."

"ಯಾಕ ಅಂಥಾ ಮಾತು ಆಡ್ತಿ? ಇರೂದು ಒಂದ ಆಸ್ಪತ್ರಿ, ಇದ ಊರಾಗ. ಬಾಂಡಿನಾಗ ಬರದಾರ. ನಾ ಹೇಳ್ತೀನಲ್ಲ, ರಾಗಿಣಿ ನಿನ್ನ ಹತ್ರಾನ ಇರ್ತಾಳ."

ಹಳೆಯ ನಮೂನೆಯಲ್ಲಿ ಆ ಮಾತಿತ್ತು. ವರ್ಷಗಟ್ಟಲೆ ಓದಿ ಅವರಿಗೆ ಅದು ಬಾಯಿಪಾಠವಾಗಿತ್ತು. ಆ ನೆನಪಿನ ಬಲದ ಮೇಲೆಯೇ ಅವರು ಮಾತು ಕೊಟ್ಟರು. ಜಾಮೀನಿಗೆ ಉಮಾಕಾಂತರಾಯರು ಸಹಿ ಹಾಕಿದರು. "ಓಡಿ ಹೋಗಿಗೀಗಿ ಮತ್ತ! ನನ್ನ ಪಿಂಚಣಿಗೆ ಕುತ್ತು ತರಬ್ಯಾಡವಾ," ಎಂದು ರಾಗಿಣಿಯ ಜಡೆ ಎಳೆದರು. ಎಲ್ಲರೂ ನಕ್ಕರು. ಸಹಿಗೆ ಮುಂಚೆ ಕಲಾವತಿಬಾಯಿ ತಮ್ಮ ಪದ್ಧತಿಯಂತೆ ಹುಡುಗಿಯ ಬಾಯಲ್ಲಿ ಹೇಳಿಸಿದರು: ಎಷ್ಟು ವರ್ಷ? ಮೂರು. ಎಷ್ಟು ಹಣ? ಎಪ್ಪತ್ತೈದು ಸಾವಿರ. ಯಾರಿಗೆ? ಸಂಸ್ಥೆಗೆ. ಎಲ್ಲಿ ಎಂದು ಕೇಳುವ ರೂಢಿ ಅವರಿಗಿರಲಿಲ್ಲ.

ಮೂರು ವರ್ಷದ ತರಬೇತಿ ಮುಗಿಯಿತು. ೨೦೦೨ರ ಆಗಸ್ಟಿನಲ್ಲಿ ರಾಗಿಣಿ ಧರಮಪೇಠದ ಆಸ್ಪತ್ರೆಯಲ್ಲೇ ಕೆಲಸಕ್ಕೆ ನಿಂತಳು. ಲೂನಾ ಗಾಡಿಯ ಮೇಲೆ ಹೋಗಿ ಬರುವಳು, ತಾಯಿಯ ಗುಳಿಗೆಯನ್ನು ತಾನೇ ಎಣಿಸಿ ಕೊಡುವಳು. ಒಂದು ವರ್ಷ ಮಹಾದೇವಮ್ಮನ ಮುಖದಲ್ಲಿ ಕಂಡ ಕಳೆಯನ್ನು ವಾಡೆಯವರು ಬಹಳ ದಿನ ನೆನೆಯುತ್ತಿದ್ದರು.

ಆ ವರ್ಷದೊಳಗೆ ಟ್ರಸ್ಟಿನವರು ಗಡಚಿರೋಲಿ ಜಿಲ್ಲೆಯ ಕೊನೆಯ ಅಂಚಿನಲ್ಲಿ, ಆಲಾಪಲ್ಲಿ ದಾಟಿ ಕಾಡಿನೊಳಗೆ, ಹದಿನೈದು ಹಾಸಿಗೆಯ ಒಂದು ಆಸ್ಪತ್ರೆ ತೆರೆದರು. ೨೦೦೩ರ ಆಗಸ್ಟಿನಲ್ಲಿ ರಾಗಿಣಿಗೆ ವರ್ಗದ ಆದೇಶ ಬಂತು.

ಅವಳು ಆದೇಶ ಹಿಡಿದು ನೇರವಾಗಿ ಕಚೇರಿಗೆ ಬಂದಳು. ಚಿಕ್ಕಂದಿನಿಂದ ಅವಳಿಗೆ ಕಲಾವತಿಬಾಯಿ ಕಾಕು, ಅವರ ಯಜಮಾನರು ಕಾಕಾ. "ಕಾಕು, ಏನೋ ಗಡಬಡ್ ಆಗೇತಿ. ಬಾಂಡಿನಾಗ ನಾಗಪುರ ಅಂತ ಐತಿ, ಹೌದಲ್ರಿ? ಅವ್ವಗ ಇನ್ನೂ ಹೇಳಿಲ್ಲ. ಜರಾ ನೋಡ್ರಿ."

"ಕುಂದರು. ಐದನೇ ಕಲಮು. ಈಗ ತೋರಸ್ತೀನಿ," ಎಂದು ಕಲಾವತಿಬಾಯಿ ಧೈರ್ಯವಾಗಿಯೇ ಕಪಾಟು ತೆಗೆದರು.

ಕಡತದಲ್ಲಿ ಸಹಿಯಾದ ಬಾಂಡು ಮೇಲಿತ್ತು. ಅದರ ಅಡಿಯಲ್ಲಿ ರವಿಯ ಮೊದಲ ಪ್ರತಿ, ಅದರ ಮೇಲೆ ತಮ್ಮದೇ ಕೆಂಪು ಗೆರೆ. ಮೇಲಿನದನ್ನು ಓದಿದರು. ಅಡಿಯದನ್ನು ಓದಿದರು. ಕಪಾಟಿನ ಬಾಗಿಲು ಹಿಡಿದುಕೊಂಡು ನಿಂತರು.

ಉಳಿದ ಕಲಮುಗಳಲ್ಲಿ ಸಂಸ್ಥೆಯೆಂದರೆ ಕರಾರಿನ ಒಂದು ಪಕ್ಷ. ಐದನೆಯದರಲ್ಲಿ ಮಾತ್ರ ಆಸ್ಪತ್ರೆಯ ಹೆಸರು ಬಂದದ್ದು ಪಕ್ಷವಾಗಿ ಅಲ್ಲ, ಕೆಲಸದ ಜಾಗವಾಗಿ. ಅದು ಬೇರೆ ಹೆಸರಾಗಿಯೇ ಉಳಿಯಬೇಕಾಗಿತ್ತು. ಹೆಸರುಗಳನ್ನೆಲ್ಲ ಒಂದು ಮಾಡುವ ಭರದಲ್ಲಿ ಅವರು ಜಾಗವನ್ನೇ ಅಳಿಸಿದ್ದರು.

"ಏನ್ ಐತ್ರಿ ಕಾಕು?"

"ಇಲ್ಲಿ... ಸಂಸ್ಥೆ ಅಂತ ಅಷ್ಟ ಐತಿ."

"ನಾಗಪುರ ಇಲ್ಲ?"

"ಇಲ್ಲ."

ರಾಗಿಣಿ ಆದೇಶದ ಕಾಗದವನ್ನು ಮಡಿಸಿ, "ಓದದ ಸಹಿ ಮಾಡಿದ್ದು ನಂದ ತಪ್ಪು ಬಿಡ್ರಿ," ಎಂದಳು. ಆಗಲೇ ಹೇಳಬೇಕಾಗಿತ್ತು. ಕಲಾವತಿಬಾಯಿಯ ನಾಲಗೆಯ ತುದಿಗೆ ಮಾತು ಬಂದಿತ್ತು: ತಪ್ಪು ನಿನ್ನದಲ್ಲ ಮಗಳೇ, ನನ್ನದು. ಆದರೆ ಇಪ್ಪತ್ತನಾಲ್ಕು ವರ್ಷ ಬೇರೆಯವರ ತಪ್ಪಿನ ಮೇಲೆ ಕೆಂಪು ಗೆರೆ ಎಳೆದ ಕೈ ಅದು. ಕಡತ ಮುಚ್ಚಿ, "ನಾ ಸಾಹೇಬರ ಹತ್ರ ಮಾತಾಡ್ತೀನಿ," ಎಂದರು.

ನರಹರಿಯವರ ಮುಂದೆ ಹಳೆಯ ಪ್ರತಿ ಇಟ್ಟು, ನಡೆದದ್ದನ್ನು ಮುಚ್ಚಿಡದೆ ಹೇಳಿದರು. ಅವರು ಕನ್ನಡಕ ತೆಗೆದು ಒರೆಸಿದರು.

"ಕಲಾವತಿಬಾಯಿ, ಸಹಿ ಆಗಿರುವುದು ಯಾವುದಕ್ಕೆ?"

"ತಿದ್ದಿದ್ದಕ್ಕೆ."

"ಅಲ್ಲಿ ಹದಿನೈದು ಹಾಸಿಗೆಗೆ ಒಬ್ಬಳೇ ನರ್ಸು. ಮಲೇರಿಯಾದ ಕೂಸುಗಳನ್ನು ನೆಲದ ಮೇಲೆ ಮಲಗಿಸುತ್ತಾರೆ. ಹನ್ನೆರಡು ಹುಡುಗಿಯರೂ ಒಂದೊಂದು ಕಷ್ಟ ಹೇಳುತ್ತಾರೆ. ಒಬ್ಬಳಿಗೆ ಹಸುಗೂಸು, ಒಬ್ಬಳಿಗೆ ಮದುವೆ. ಇವಳನ್ನು ಬಿಟ್ಟರೆ ಯಾರನ್ನು ಕಳಿಸಲಿ? ಹಣ ಕಟ್ಟಿ ಬಿಡಿಸಿಕೊಳ್ಳುವುದಾದರೆ ನಾನು ತಡೆಯುವುದಿಲ್ಲ."

ಬಾಂಡಿನ ಪ್ರಕಾರ ಸೇವೆ ಮಾಡಿದಷ್ಟು ಕಾಲಕ್ಕೆ ಮೊತ್ತ ಇಳಿಯುತ್ತಿತ್ತು. ಮೂವತ್ತಾರು ತಿಂಗಳಲ್ಲಿ ಹನ್ನೆರಡು ಮುಗಿದಿತ್ತು. ಉಳಿದ ಇಪ್ಪತ್ನಾಲ್ಕಕ್ಕೆ ಐವತ್ತು ಸಾವಿರ. ಅಂದು ಸಂಜೆ ಉಮಾಕಾಂತರಾಯರು ಹೆಂಡತಿಯ ಮಾತನ್ನು ಪೂರ್ತಿ ಕೇಳಲೂ ಇಲ್ಲ. "ಹೋದ ವರ್ಷ ಬಂದ ಗ್ರ್ಯಾಚುಯಿಟಿ ಏನು ಉಪ್ಪಿನಕಾಯಿ ಹಾಕಾಕ ಇಟ್ಟೀವೇನು? ನಾ ಜಾಮೀನು, ನಾ ಕಟ್ತೀನಿ. ಕರಿ ಆಕಿನ್ನ."

ರಾಗಿಣಿ ಬಂದಳು. ಉಮಾಕಾಂತರಾಯರು ಚೆಕ್ಕಿನ ಪುಸ್ತಕವನ್ನೇ ಎದುರಿಗಿಟ್ಟುಕೊಂಡು ಕೂತಿದ್ದರು.

"ಬ್ಯಾಡ ಕಾಕಾ."

"ಯಾಕ ಬ್ಯಾಡ? ನನ್ನ ಮಗಳಿದ್ರ ಕೊಡತಿದ್ದಿಲ್ಲೇನು?"

"ಅಪ್ಪ ಹೋದ ಮ್ಯಾಲೆ ಆರು ತಿಂಗಳು ನಿಮ್ಮ ಮನಿಯಿಂದನ ಅಕ್ಕಿ, ಬ್ಯಾಳಿ ಬಂತು. ನನ್ನ ಸಾಲಿ ಫೀ ನೀವ ಕಟ್ಟಿದ್ರಿ. ಇನ್ನೂ ಎಷ್ಟು ತಗೊಳ್ಳಿ ಕಾಕಾ? ನಾ ಸಹಿ ಮಾಡೇನಿ, ನಾ ದುಡಿದು ತೀರಸ್ತೀನಿ. ಎರಡ ವರ್ಷ ಅಲ್ಲೇನು? ಅವ್ವನ್ನ ನೋಡಿಕೊಳ್ಳಾಕ ಕಾಕು ಅದಾರ."

ಕಲಾವತಿಬಾಯಿ ಒಳಗಿನ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದರು. ಯಜಮಾನರು ಅವರ ಮುಖ ನೋಡಿದರು. ಅವರಿಗೆ ಎಲ್ಲವೂ ಗೊತ್ತಿತ್ತು. ಹೇಳು ಎಂಬಂತೆ ಹುಬ್ಬು ಹಾರಿಸಿದರು. ಕಲಾವತಿಬಾಯಿ ಕಣ್ಣು ತಗ್ಗಿಸಿ, "ಚಹಾ ಇಡ್ತೀನಿ," ಎಂದು ಒಳಗೆ ಹೋದರು. ಚಹಾ ಕುದಿದು ಹೊರಗೆ ತರುವಷ್ಟರಲ್ಲಿ ರಾಗಿಣಿ ಎದ್ದು ಹೋಗಿದ್ದಳು.

"ಹೇಳಬೇಕಿತ್ತು ನೀ," ಎಂದರು ಉಮಾಕಾಂತರಾಯರು. ಆ ಸಂಜೆ ಅವರು ತಮಾಷೆ ಮಾಡಲಿಲ್ಲ.

ಆಮೇಲಿನ ಒಂದು ವರ್ಷ ಕಲಾವತಿಬಾಯಿ ಮಹಾದೇವಮ್ಮನಿಗಾಗಿ ಮಾಡದ ಕೆಲಸವಿಲ್ಲ. ಮುಂಜಾನೆ ಗುಳಿಗೆ, ತಿಂಗಳಿಗೊಮ್ಮೆ ಆಟೋದಲ್ಲಿ ರಕ್ತಪರೀಕ್ಷೆ, ಉಪ್ಪಿಲ್ಲದ ಅಡುಗೆ. ಅವಳು "ವೈನಿ, ಎಷ್ಟ ಮಾಡ್ತೀರಿ, ಹೆತ್ತ ಮಗಳೂ ಇಷ್ಟ ಮಾಡಲಿಕ್ಕಿಲ್ಲ," ಎಂದಾಗಲೆಲ್ಲ ಅವರು ಗುಳಿಗೆಗಳನ್ನು ಮತ್ತೊಮ್ಮೆ ಎಣಿಸತೊಡಗುವರು. ರಾಗಿಣಿ ಹಬ್ಬಕ್ಕೊಮ್ಮೆ ಬರುವಳು. ಬಸ್ಸು ಬದಲಿಸಿ ಬದಲಿಸಿ ಬರುವುದಕ್ಕೆ ಒಂದು ಹಗಲು ಪೂರ್ತಿ. ಕಾಡಿನ ಜನರ ಮಾತು ಕಲಿತು, ಅದನ್ನು ತಾಯಿಯ ಮುಂದೆ ಆಡಿ ನಗಿಸಿ, ಮೂರನೆಯ ದಿನ ಹೊರಡುವಳು.

೨೦೦೪ರ ಆಗಸ್ಟಿನಲ್ಲಿ ಎಡೆಬಿಡದೆ ಮಳೆ ಹಿಡಿಯಿತು. ಒಂದು ಮಂಗಳವಾರ ಮಹಾದೇವಮ್ಮನ ಕಾಲು ಬಾತವು, ಮರುದಿನ ಉಸಿರು ಮೇಲಕ್ಕೆ ಹತ್ತಿತು. ಧರಮಪೇಠದ ಆಸ್ಪತ್ರೆಗೇ ಸೇರಿಸಿದರು. ಮಗಳು ಕೆಲಸಕ್ಕೆ ನಿಂತಿದ್ದ ಅದೇ ವಾರ್ಡು. ಕಲಾವತಿಬಾಯಿ ಕಚೇರಿಯಿಂದ ಕಾಡಿನ ಆಸ್ಪತ್ರೆಗೆ ಫೋನು ಹಚ್ಚಿದರು, ತಂತಿ ಸತ್ತಿತ್ತು. ನರಹರಿಯವರು ತಾವೇ ಓಡಾಡಿ ಪೊಲೀಸರ ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಿದರು. ತಿರುಗಿ ಬಂದ ಸುದ್ದಿ: ಸಿಸ್ಟರ್ ಹೊರಟಿದ್ದಾರೆ, ನದಿ ಸೇತುವೆಯ ಮೇಲೆ ಹರಿಯುತ್ತಿದೆ, ಈಚೆ ದಡಕ್ಕೆ ಬರಲು ದಾರಿಯಿಲ್ಲ.

ಶುಕ್ರವಾರ ಮಧ್ಯಾಹ್ನ ಮಹಾದೇವಮ್ಮ ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು. "ರಾಗಿಣಿದು ಡ್ಯೂಟಿ ಮುಗೀತೇನ್ರಿ?"

"ಬರ್ತಾಳ, ದಾರ್ಯಾಗದಾಳ."

"ಇಲ್ಲೇ ಮಗ್ಗಲದ ವಾರ್ಡಿನಾಗ ಇರಬೇಕಲ್ರಿ. ನೀವ ಹೇಳಿದ್ರಲ್ಲ ವೈನಿ, ಹತ್ರಾನ ಇರ್ತಾಳ ಅಂತ."

ಕಲಾವತಿಬಾಯಿ ಅವಳ ಕೈ ಹಿಡಿದುಕೊಂಡು ಹೂಂ ಎಂದರು. ಮೂರು ಗಂಟೆಗೆ ಅವಳ ಬಾಯಲ್ಲಿ ನೀರು ಬಿಟ್ಟವರು ಅವರೇ.

ದೇಹವನ್ನು ಆಸ್ಪತ್ರೆಯ ಶವಾಗಾರದಲ್ಲಿರಿಸಿ ಒಂದು ದಿನ ಕಾದರು, ಎರಡು ದಿನ ಕಾದರು. ಮೂರನೆಯ ದಿನ ಉಮಾಕಾಂತರಾಯರು, ಇನ್ನು ಕಾಯುವುದು ಆ ಜೀವಕ್ಕೆ ಮಾಡುವ ಅಪಚಾರ ಎಂದರು. ಮಗಳು ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಅವರೇ ಹಾಕಿದರು. ರಾಗಿಣಿ ಮುಟ್ಟಿದ್ದು ಮರುದಿನ ಬೆಳಿಗ್ಗೆ. ಸೊಂಟದವರೆಗೆ ಕೆಸರು, ಕಾಲಲ್ಲಿ ಒಂದೇ ಚಪ್ಪಲಿ. ವಾಡೆಯ ಅಂಗಳದಲ್ಲಿ ಅವಳು ಯಾರನ್ನೂ ಏನೂ ಕೇಳಲಿಲ್ಲ. ಒಗೆದು ಹರವಿದ್ದ ತಾಯಿಯ ಸೀರೆಯನ್ನು ತಂತಿಯಿಂದ ಎಳೆದು ಮುಖಕ್ಕೆ ಒತ್ತಿಕೊಂಡು ಕೂತುಬಿಟ್ಟಳು.

ಐದು ದಿನ ಕಳೆದ ಮೇಲೆ ಕಲಾವತಿಬಾಯಿ ಕಡತದ ಹಳೆಯ ಪ್ರತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೆಳಗಿನ ಮನೆಗೆ ಇಳಿದರು. ರಾಗಿಣಿ ಚಟ್ನಿಪುಡಿಯ ಖಾಲಿ ಡಬ್ಬಿಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು.

"ರಾಗಿಣಿ, ಇದನ್ನ ಓದು. ಐದನೇದು."

ಅವಳು ಕೈ ಒರೆಸಿಕೊಂಡು ಓದಿದಳು. ಅಚ್ಚಾದ ಅಕ್ಷರ, ಅದರ ಮೇಲಿನ ಕೆಂಪು ಗೆರೆ, ಗೆರೆಯ ಮೇಲಿನ ಕೈಬರಹ. ಆ ಕೈಬರಹವನ್ನು ಗುರುತಿಸದವಳೇನಲ್ಲ. ಶಾಲೆಗೆ ಹೋಗುವಾಗ ಅವಳ ಪುಸ್ತಕಗಳ ಮೇಲೆ ಹೆಸರು ಬರೆದುಕೊಟ್ಟ ಕೈ.

"ನಾನ ಹೊಡದೆ," ಎಂದರು ಕಲಾವತಿಬಾಯಿ. "ಬೇಕಂತ ಅಲ್ಲ. ಹೆಸರು ಎಲ್ಲಾ ಕಡೆ ಒಂದ ಇರಲಿ ಅಂತ. ಊರು ಹೋಗಿದ್ದು ನನ್ನ ಲಕ್ಷ್ಯಕ್ಕ ಬರಲಿಲ್ಲ. ನೀ ಆದೇಶ ತಂದ ದಿನ ಗೊತ್ತಾತು."

"ಆ ದಿನಾನ ಗೊತ್ತಾತು?"

"ಹೂಂ."

"ಕಾಕಾ ಚೆಕ್ ಬುಕ್ ಇಟ್ಟಕೊಂಡು ಕುಂತ ದಿನ ನಿಮಗ ಗೊತ್ತಿತ್ತು?"

ಕಲಾವತಿಬಾಯಿ ತಲೆಯಾಡಿಸಿದರು.

ರಾಗಿಣಿ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಅವರ ಮುಂದಿಟ್ಟಳು. ದನಿ ಏರಲಿಲ್ಲ. "ತಪ್ಪು ಯಾರಿಂದಾದ್ರೂ ಆಗತೈತ್ರಿ. ನಾನೂ ಒಂದ್ ಸಲ ತಪ್ಪು ಇಂಜೆಕ್ಷನ್ ತುಂಬಿದ್ದೆ, ದೇವರ ದಯಾ, ಚುಚ್ಚೂ ಮುಂಚೆ ಕಂಡಿತು. ಅದಕ್ಕ ಅಲ್ಲ. ಆ ದಿನ ನೀವು ಇಷ್ಟ ಹೇಳಿದ್ರ ಆ ರೊಕ್ಕ ನಾ ತಗೋತಿದ್ದೆ ಕಾಕು. ಉಪಕಾರ ಅಂತ ತಿಳದು ಬ್ಯಾಡ ಅಂದೆ. ನಿಮ್ಮ ತಪ್ಪಿಂದು ಅಂತ ತಿಳಿದಿದ್ರ ತಗೋತಿದ್ದೆ. ಅವ್ವನ ಹತ್ರ ಇರ್ತಿದ್ದೆ."

ಕಲಾವತಿಬಾಯಿ ಆ ಕಾಗದವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡರು. ಕ್ಷಮಿಸು ಎಂದು ಹೇಳಲು ಬಂದಿದ್ದರು, ಆ ಮಾತು ಅಷ್ಟು ಸಣ್ಣದೆಂದು ಅವರಿಗೆ ಹಿಂದೆಂದೂ ಅನಿಸಿರಲಿಲ್ಲ. ಉಳಿದ ಒಂದು ವರ್ಷದ ಹಣವನ್ನು ನಾನು ಕಟ್ಟುತ್ತೇನೆ, ಬಿಟ್ಟು ಬಂದುಬಿಡು ಎಂದರು. "ಈಗ ಯಾಕ್ರಿ?" ಎಂದಳು ರಾಗಿಣಿ. ಎರಡು ದಿನದ ಮೇಲೆ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ವಾಡೆಯ ಮಾಲಕರಿಗೆ ಕೊಟ್ಟು ಕಾಡಿಗೆ ಹೋದಳು.

ಮುಂದಿನ ವರ್ಷದ ತಂಡಕ್ಕೆ ಬಾಂಡಿನ ನಮೂನೆ ತೆಗೆದಾಗ ಕಲಾವತಿಬಾಯಿ ನರಹರಿಯವರ ಮುಂದೆ ಕೂತು, ಐದನೆಯ ಕಲಮಿಗೆ ಒಂದು ಸಾಲು ಸೇರಿಸಲೇಬೇಕೆಂದು ಹಟ ಹಿಡಿದರು. ಕೆಲಸದ ಊರು ಯಾವುದು, ಊರು ಬದಲಿಸುವುದಾದರೆ ಹುಡುಗಿಯ ಲಿಖಿತ ಒಪ್ಪಿಗೆ ಬೇಕು. ನರಹರಿಯವರು ಚರ್ಚಿಸದೆ ಒಪ್ಪಿದರು. ಅಂದಿನಿಂದ ಅವರ ಓದು ನಾಲ್ಕಾಯಿತು. ಬೇಬಿತಾಯಿ ಎಷ್ಟನೆಯದೆಂದು ಕೇಳುವುದನ್ನು ಬಿಟ್ಟಿದ್ದಳು. ಆರಿದ ಚಹಾವನ್ನು ಸುಮ್ಮನೆ ಎತ್ತಿಕೊಂಡು ಹೋಗುವಳು.

೨೦೦೫ರ ಆಗಸ್ಟಿನಲ್ಲಿ ರಾಗಿಣಿಯ ಮೂವತ್ತಾರು ತಿಂಗಳು ಮುಗಿದವು. ಕಲಾವತಿಬಾಯಿ ನಿವೃತ್ತಿಯಾಗಲು ಹನ್ನೊಂದು ದಿನ ಉಳಿದಿತ್ತು. ಬಾಂಡಿನಿಂದ ಬಿಡುಗಡೆಯ ಪತ್ರವನ್ನು ಅವರೇ ಸಿದ್ಧಪಡಿಸಿದರು: ಸೇವೆಯ ಅವಧಿ ಪೂರ್ಣ, ಬರಬೇಕಾದ ಮೊತ್ತ ಏನೂ ಇಲ್ಲ, ಸಂಸ್ಥೆಯ ಹೆಸರು ನೋಂದಣಿಯಲ್ಲಿದ್ದಂತೆ. ನಾಲ್ಕು ಸಲ ಓದಿದರು. ಮೂಲ ಬಾಂಡಿನ ಮೇಲೆ ರದ್ದು ಎಂಬ ಮುದ್ರೆ ಒತ್ತಿಸಿ, ಹುಡುಗಿಯ ಮೂಲ ಪ್ರಮಾಣಪತ್ರಗಳ ಜೊತೆ ಲಕೋಟೆಯಲ್ಲಿ ಹಾಕಿಟ್ಟರು. ಮನೆಯಲ್ಲಿ ಅಂದು ಹೋಳಿಗೆಗೆ ಹೂರಣ ರುಬ್ಬಿಟ್ಟು ಬಂದಿದ್ದರು.

ರಾಗಿಣಿ ಹನ್ನೊಂದು ಗಂಟೆಗೆ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಗಲ್ಲದ ಎಲುಬು ಕಾಣುತ್ತಿತ್ತು.

"ಮೇಡಮ್, ಸಹಿ ಎಲ್ಲಿ ಮಾಡಲಿ?"

ಕಲಾವತಿಬಾಯಿ ಬೆರಳಿನಿಂದ ತೋರಿಸಿದರು. ಅವಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಬೆರಳಿಟ್ಟು, ತುಟಿ ಅಲುಗಿಸುತ್ತ, ನಿಧಾನವಾಗಿ ಓದಿದಳು. ಆಮೇಲೆ ಸಹಿ ಮಾಡಿದಳು.

"ಮಧ್ಯಾಹ್ನ ಊಟಕ್ಕ ಬಾ ಅವ್ವಿ. ಕಾಕಾ ಹಾದಿ ನೋಡ್ತಾರ."

"ಕಾಕಾಗ ನಮಸ್ಕಾರ ಹೇಳ್ರಿ. ಎರಡಕ್ಕ ಬಸ್ಸು ಐತಿ."

"ಎಲ್ಲಿಗೆ?"

"ಅಲ್ಲಿಗೇ. ಇನ್ನ ಮ್ಯಾಲೆ ಬಾಂಡ್ ಇಲ್ಲದ ಖಾಯಂ ಕೆಲಸ ಕೊಡ್ತೀವಿ ಅಂದಾರ. ಹೂಂ ಅಂದೇನಿ."

"ಆ ಕಾಡಿನಾಗ? ಈಗ ನಿನ್ನ ಯಾರು ಹಿಡದಾರ? ಇಲ್ಲೇ ಇರಬಹುದಲ್ಲ, ನಾಗಪುರದಾಗ ಬೇಕಾದ ಆಸ್ಪತ್ರಿಯವರು ತಗೋತಾರ..."

ರಾಗಿಣಿ ಲಕೋಟೆಯನ್ನು ಚೀಲದಲ್ಲಿಟ್ಟು ಜಿಪ್ಪು ಎಳೆದಳು. ಅಂದು ಮೊದಲ ಸಲ ತಲೆಯೆತ್ತಿ ಅವರ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಕಲಾವತಿಬಾಯಿ ತಾಳಿಕೊಳ್ಳುತ್ತಿದ್ದರು.

"ಇಲ್ಲಿ ಯಾರ ಹತ್ರ ಇರ್ಲ್ರಿ?" ಎಂದು ಕೇಳಿ, ಅವರು ಹೇಳುವುದನ್ನು ಕಾಯದೆ, ಅವಳು ಮೆಟ್ಟಿಲಿಳಿದು ಹೋದಳು.